ನೆಚ್ಚಿನ ಕಾದಂಬರಿಯ ಬಗ್ಗೆ ತರಗತಿಯಲ್ಲಿ ಮೂರು ನಿಮಿಷ ಮಾತಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ನಿಮಿಷದಲ್ಲಿ ಇಡೀ ಕಥೆ ಹೇಳಿ ಮುಗಿಸಬಹುದೇ?

ಮುಗಿಸಬಹುದು, ಆದರೆ ಕೇಳಿದವರಿಗೆ ಏನೂ ಉಳಿಯುವುದಿಲ್ಲ. ಇನ್ನೂರು ಪುಟದ ಕಥೆಯನ್ನು ಮೂರು ನಿಮಿಷಕ್ಕೆ ಇಳಿಸಿದಾಗ ಸಿಗುವುದು "ಆಮೇಲೆ ಹೀಗಾಯ್ತು, ಆಮೇಲೆ ಹಾಗಾಯ್ತು" ಎಂಬ ಸರಪಳಿ ಮಾತ್ರ. ನೀವು ಓದಿದಾಗ ಆ ಘಟನೆಗಳ ನಡುವೆ ಮಾತುಕತೆ ಇತ್ತು, ಮೌನ ಇತ್ತು, ಪಾತ್ರಗಳ ಜೊತೆ ನಾಲ್ಕು ದಿನ ಕಳೆದಿದ್ದಿರಿ. ಕೇಳುವವರಿಗೆ ಅದೊಂದೂ ಇಲ್ಲ. ಹಾಗಾಗಿ ನಿಮ್ಮ ಕಣ್ಣು ತೇವವಾದ ಜಾಗದಲ್ಲೇ ಅವರು ಗಡಿಯಾರ ನೋಡುತ್ತಾರೆ.

ಇನ್ನೂ ಒಂದು ನಷ್ಟವಿದೆ. ಕಥೆಯೆಲ್ಲ ಗೊತ್ತಾದ ಮೇಲೆ ಪುಸ್ತಕ ಕೈಗೆತ್ತಿಕೊಳ್ಳಲು ಅವರಿಗೆ ಕಾರಣವೇ ಇರುವುದಿಲ್ಲ. ಪುಸ್ತಕದ ಮಾತಿನ ಕೆಲಸ ಒಂದೇ: ಮಾತು ಮುಗಿದ ಮೇಲೆ ಇಬ್ಬರಾದರೂ ಬಂದು "ಆ ಪುಸ್ತಕ ಕೊಡ್ತೀಯಾ?" ಎಂದು ಕೇಳಬೇಕು. ಸಾರಾಂಶ ಬರೆಯುವುದು ಬೇರೆಯದೇ ಕೆಲಸ, ಅದಕ್ಕೆ ಉತ್ತರಪತ್ರಿಕೆ ಇದೆ.

ಕಥೆ ಹೇಳದಿದ್ದರೆ ಮತ್ತೇನು ಹೇಳುವುದು?

ಕಥೆಯ ಗಂಟನ್ನು ಹೇಳಿ. ಒಂದು ಪಾತ್ರಕ್ಕೆ ಏನೋ ಬೇಕು, ಆದರೆ ಅದನ್ನು ಪಡೆಯಲು ಹೋದರೆ ತನ್ನದೇ ಇನ್ನೇನೋ ಕೈತಪ್ಪುತ್ತದೆ. ಆ ಬಿಕ್ಕಟ್ಟನ್ನೇ ಇಲ್ಲಿ ಗಂಟು ಎನ್ನುತ್ತಿದ್ದೇವೆ. ಮನಸ್ಸಿನಲ್ಲಿ ಉಳಿಯುವ ಕಾದಂಬರಿಗಳಲ್ಲಿ ಇಂಥದ್ದೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪತ್ತೇದಾರಿ ಕಾದಂಬರಿಯಾದರೂ ಅಷ್ಟೆ: ಕೊಂದವರು ಯಾರು ಎಂಬ ಪ್ರಶ್ನೆಗಿಂತ, ಸತ್ಯ ಹೇಳಿದರೆ ತಾನೇ ಸಿಕ್ಕಿಬೀಳುವ ಸಾಕ್ಷಿಯ ಪಾಡು ತರಗತಿಯನ್ನು ಹಿಡಿದು ಕೂರಿಸುತ್ತದೆ.

ಗಂಟು ಸಿಕ್ಕಿದೆಯೋ ಇಲ್ಲವೋ ಎಂದು ನೋಡಲು ಅದನ್ನು ಒಂದೇ ವಾಕ್ಯದಲ್ಲಿ, ನಡುವೆ "ಆದರೆ" ಇರುವಂತೆ ಬರೆಯಿರಿ. "ಒಬ್ಬ ಹುಡುಗಿಯ ಬದುಕಿನ ಕಷ್ಟಗಳು" ಎಂದು ಬರೆದರೆ ಅದು ಗಂಟಲ್ಲ, ವಿಷಯ. "ದೋಣಿ ರಿಪೇರಿಗೆ ಅವಳಿಗೆ ದುಡ್ಡು ಬೇಕು, ಆದರೆ ಕೂಲಿ ಸಿಗುವುದು ಆ ದೋಣಿಯನ್ನೇ ಬೇಡವಾಗಿಸುವ ಸೇತುವೆಯ ಕೆಲಸದಲ್ಲಿ" ಎಂದು ಬರೆದರೆ ಗಂಟು ಸಿಕ್ಕಿತು. ಎರಡನೆಯದನ್ನು ಕೇಳಿದವರು "ಆಮೇಲೆ?" ಎನ್ನುತ್ತಾರೆ. ಮೊದಲನೆಯದಕ್ಕೆ "ಓಹೋ" ಎಂದು ಸುಮ್ಮನಾಗುತ್ತಾರೆ.

ಎಷ್ಟು ಪದ ಬರೆದುಕೊಳ್ಳಬೇಕು?

ಮೂರು ನಿಮಿಷಕ್ಕೆ ನಾಲ್ಕುನೂರು ಪದ ಎಂಬ ಲೆಕ್ಕ ಹಲವು ಕಡೆ ಓಡಾಡುತ್ತದೆ. ಅದು ಇಂಗ್ಲಿಷಿನ ಲೆಕ್ಕ, ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದ ಉದ್ದವಾಗುತ್ತದೆ. "ಸೇತುವೆಯಿಂದಲೇ" ಎಂಬುದು ಎಣಿಕೆಗೆ ಒಂದು ಪದ, ಬಾಯಿಗೆ ಆರು ಅಕ್ಷರ. ತರಗತಿಗೆ ಕೇಳಿಸುವಂತೆ, ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ 75ರಿಂದ 85 ಕನ್ನಡ ಪದ ಸಾಗುತ್ತದೆ ಎಂದು ಇಟ್ಟುಕೊಳ್ಳಿ.

ನಿಮ್ಮ ವೇಗ ನೀವೇ ಅಳೆದುಕೊಳ್ಳುವುದು ಉತ್ತಮ. ಕಾದಂಬರಿಯ ಯಾವುದಾದರೂ ಪುಟ ತೆರೆದು, ಎದ್ದು ನಿಂತು, ಕೋಣೆಯ ಆಚೆ ಗೋಡೆಗೆ ಕೇಳಿಸುವಂತೆ ಸರಿಯಾಗಿ ಒಂದು ನಿಮಿಷ ಓದಿ. ನಿಂತ ಜಾಗಕ್ಕೆ ಗುರುತು ಹಾಕಿ ಪದಗಳನ್ನು ಎಣಿಸಿ. ಕೂತು ಮೆಲ್ಲಗೆ ಓದಿ ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ತುಟಿಯೊಳಗಿನ ಓದು ಯಾವಾಗಲೂ ಬೇಗ ಓಡುತ್ತದೆ.

ಗುರಿ ಮೂರು ನಿಮಿಷ ಆಗಿರಬಾರದು, ಎರಡೂವರೆ ನಿಮಿಷ ಆಗಿರಬೇಕು. ಮುಂದೆ ಬಂದು ನಿಲ್ಲುವುದಕ್ಕೆ, ಯಾರೋ ನಕ್ಕಾಗ ತಡೆಯುವುದಕ್ಕೆ, ಪುಟ ತೆರೆಯುವುದಕ್ಕೆ ಆ ಅರ್ಧ ನಿಮಿಷ ತಾನಾಗಿ ಖರ್ಚಾಗುತ್ತದೆ. ಒಟ್ಟಿನಲ್ಲಿ ಸುಮಾರು 200 ಪದ. ಬರೆಯಲು ಕೂತಾಗ ಇದು ತೀರಾ ಕಡಿಮೆ ಅನ್ನಿಸುತ್ತದೆ, ನೋಟ್‌ಬುಕ್ಕಿನ ಒಂದೂವರೆ ಪುಟ ಅಷ್ಟೆ. ಅಲ್ಲೇ ನಿಲ್ಲಿಸಿ.

ಪೂರ್ತಿ ಮಾದರಿಯೊಂದನ್ನು ಕೊಡುತ್ತೀರಾ?

ಕೊಡುತ್ತೇವೆ. ಈ ಕಾದಂಬರಿ ಎಲ್ಲೂ ಇಲ್ಲ, ಉದಾಹರಣೆಗೆಂದೇ ನಾವು ಕಲ್ಪಿಸಿಕೊಂಡದ್ದು. 180 ಪುಟ ಎಂದುಕೊಳ್ಳಿ. ನದಿ ದಾಟಿಸುವ ಅಂಬಿಗ, ಅವನ ಮಗಳು, ಕಟ್ಟುತ್ತಿರುವ ಸೇತುವೆ.

> ಒಂದು ನದಿ. ಅದನ್ನು ದಾಟೋಕೆ ಇರೋದು ಒಂದೇ ದೋಣಿ. ಆ ದೋಣಿಯೇ ಅಂಬಿಗನ ಹೊಟ್ಟೆಪಾಡು. ಈಗ ಆ ನದಿಗೆ ಸೇತುವೆ ಕಟ್ತಿದ್ದಾರೆ. ಸೇತುವೆ ಮುಗಿದ ದಿನ ದೋಣಿಗೆ ಕೆಲಸ ಇಲ್ಲ. ಆ ಸೇತುವೆಗೆ ದಿನಾ ಜಲ್ಲಿ ಹೊರ್ತಿರೋದು ಯಾರು ಗೊತ್ತಾ? ಅಂಬಿಗನ ಮಗಳು. ಅಪ್ಪನಿಗೆ ಗೊತ್ತಿಲ್ಲದ ಹಾಗೆ.
>
> ಅವಳಿಗೆ ಹದಿನಾರು ವರ್ಷ. ಅಪ್ಪನ ಮೇಲೆ ಅವಳಿಗೇನೂ ಸಿಟ್ಟಿಲ್ಲ. ದೋಣಿ ಹಳೇದಾಗಿದೆ, ತಳದಲ್ಲಿ ನೀರು ಜಿನುಗ್ತಿದೆ. ರಿಪೇರಿಗೆ ದುಡ್ಡು ಬೇಕು. ಕೂಲಿ ಸಿಗೋದು ಸೇತುವೆ ಕೆಲಸದಲ್ಲಿ ಮಾತ್ರ. ಅಂದ್ರೆ ದೋಣಿ ಉಳಿಸೋಕೆ ಬೇಕಾದ ದುಡ್ಡು ಬರ್ತಿರೋದು ದೋಣಿಯ ಕೆಲಸ ಕಸಿಯೋ ಸೇತುವೆಯಿಂದಲೇ. ಕಾದಂಬರಿ ಶುರುವಾಗೋದು ಇಲ್ಲಿಂದ.
>
> ಒಂದು ರಾತ್ರಿ, ಊಟದ ಹೊತ್ತು. ಪುಸ್ತಕದಲ್ಲಿರೋದನ್ನೇ ಓದ್ತೀನಿ. "ಊಟಕ್ಕೆ ಕೂತಾಗ ಅಪ್ಪ ಅವಳ ಕೈ ನೋಡಿದ. ಸಿಮೆಂಟು ತಿಂದು ಬೆರಳ ತುದಿಗಳು ಬಿರಿದಿದ್ದವು. 'ಹುಟ್ಟು ಹಾಕಿದರೆ ಜಡ್ಡುಗಟ್ಟುವುದು ಇಲ್ಲಿ' ಎಂದು ತನ್ನ ಅಂಗೈ ತೋರಿಸಿದ. 'ಬೆರಳ ತುದಿಯಲ್ಲಿ ಅಲ್ಲ.' ಅವಳು ಕೈ ಮಡಚಿಕೊಂಡಳು. ಅವನು ಮತ್ತೇನೂ ಕೇಳಲಿಲ್ಲ. ನೀರಿನ ಚೊಂಬನ್ನು ಅವಳತ್ತ ಸರಿಸಿದ."
>
> ಅಪ್ಪನಿಗೆ ಗೊತ್ತಾಯ್ತಾ? ಗೊತ್ತಾಯ್ತು ಅಂತ ಲೇಖಕರು ಎಲ್ಲೂ ಹೇಳಲ್ಲ. ಸೇತುವೆ ಬಗ್ಗೆ ಅಪ್ಪ ಮಗಳು ಬಾಯಿಬಿಟ್ಟು ಮಾತಾಡೋದು ಇಡೀ ಪುಸ್ತಕದಲ್ಲಿ ಒಂದೇ ಸಲ. ಮಿಕ್ಕಿದ್ದೆಲ್ಲ ಹೀಗೇ, ಕೈಯಲ್ಲಿ, ಚೊಂಬಿನಲ್ಲಿ, ದೋಣಿಯೊಳಗೆ ನಿಂತ ನೀರಿನಲ್ಲಿ. ಮೊದಲ ಸಲ ಓದಿದಾಗ ನಾನು ಮಗಳ ಪರ ಇದ್ದೆ. ಎರಡನೇ ಸಲ ಈ ಪುಟಕ್ಕೆ ಬಂದಾಗ ಅಪ್ಪನ ಪರ ಆದೆ. ಇಬ್ಬರದೂ ಸರಿ ಅನ್ನಿಸೋದೇ ನನಗೆ ಈ ಪುಸ್ತಕದಲ್ಲಿ ಇಷ್ಟ. ಒಂದು ಮಾತು, ಮೊದಲ ಇಪ್ಪತ್ತು ಪುಟ ನಿಧಾನ. ನದಿ, ಮಳೆ ಬಿಟ್ಟರೆ ಏನೂ ನಡೆಯಲ್ಲ. ದಾಟಿಬಿಡಿ.
>
> ಮಳೆಗಾಲ ಬರುತ್ತೆ. ಸೇತುವೆ ಅರ್ಧ ಆಗಿದೆ, ದೋಣಿ ರಿಪೇರಿಯೂ ಅರ್ಧ ಆಗಿದೆ. ಒಂದು ರಾತ್ರಿ ಆಚೆ ದಡದಿಂದ ಯಾರೋ ಕೂಗ್ತಾರೆ. ಅವರನ್ನ ಈಚೆಗೆ ಕರ್ಕೊಂಡು ಬರ್ಲೇಬೇಕು. ಅಪ್ಪ ಹೋಗ್ತಾನಾ, ಮಗಳು ಹೋಗ್ತಾಳಾ? (ಇಲ್ಲಿ ಪುಸ್ತಕ ಎತ್ತಿ ಹಿಡಿದು ಹೆಸರು, ಬರೆದವರ ಹೆಸರು.) ನೂರಾ ಎಂಬತ್ತು ಪುಟ. ಲೈಬ್ರರಿಯಲ್ಲಿದೆ.

ಇದರಲ್ಲಿ ಯಾವ ಭಾಗಕ್ಕೆ ಎಷ್ಟು ಸಮಯ?

ಆರಂಭಕ್ಕೆ 25 ಸೆಕೆಂಡು, ಗಂಟು ಬಿಡಿಸಿ ಹೇಳಲು 25, ಪುಸ್ತಕದಿಂದ ಓದಲು 30, ನಿಮ್ಮ ಅನಿಸಿಕೆಗೆ 45, ಕೊನೆಗೆ 25. ಕೂಡಿದರೆ ಎರಡೂವರೆ ನಿಮಿಷ. ಅನಿಸಿಕೆಯ ಭಾಗವೇ ಎಲ್ಲಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಿ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ಎರಡು ನಿಮಿಷ ಕಥೆ ಹೇಳಿ, ಗಂಟೆ ಹೊಡೆಯುವ ಹೊತ್ತಿಗೆ "ನನಗೆ ತುಂಬಾ ಇಷ್ಟವಾಯಿತು" ಎಂದು ಓಡುತ್ತಾರೆ. ಕಥೆ ಪುಸ್ತಕದಲ್ಲೇ ಇದೆ. ನಿಮ್ಮ ಅನಿಸಿಕೆ ಸಿಗುವುದು ನಿಮ್ಮ ಹತ್ತಿರ ಮಾತ್ರ.

"ಇಂದು ನಾನು ನಿಮ್ಮ ಮುಂದೆ ಮಾತನಾಡಲಿರುವ ಕಾದಂಬರಿ…" ಎಂದು ಶುರು ಮಾಡಿದರೆ ತಪ್ಪೇನು?

ತಪ್ಪಿಲ್ಲ, ವ್ಯರ್ಥ. ನೀವು ಪುಸ್ತಕ ಹಿಡಿದು ಮುಂದೆ ನಿಂತಿರುವಾಗ ಅದರ ಬಗ್ಗೆಯೇ ಮಾತಾಡುತ್ತೀರಿ ಎಂದು ಎಲ್ಲರಿಗೂ ಗೊತ್ತು. ಆ ವಾಕ್ಯ, ನಂತರ ಲೇಖಕರ ಹುಟ್ಟು, ಪ್ರಶಸ್ತಿ, ಪ್ರಕಟವಾದ ವರ್ಷ, ಇಷ್ಟರಲ್ಲೇ ಅರ್ಧ ನಿಮಿಷ ಕಳೆಯುತ್ತದೆ. ತರಗತಿ ಪೂರ್ತಿ ಗಮನ ಕೊಡುವುದೂ ಆ ಮೊದಲ ಅರ್ಧ ನಿಮಿಷದಲ್ಲೇ.

ಮಾದರಿಯಲ್ಲಿ ಹೆಸರನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಶುರುವಿನಲ್ಲಿ ಹೇಳಿದ ಹೆಸರಿಗೆ ಇನ್ನೂ ಯಾವ ಅರ್ಥವೂ ಅಂಟಿರುವುದಿಲ್ಲ, ಮೂರು ನಿಮಿಷದಲ್ಲಿ ಮರೆತುಹೋಗುತ್ತದೆ. ಆಸಕ್ತಿ ಹುಟ್ಟಿದ ಮೇಲೆ ಹೇಳಿದ ಹೆಸರನ್ನು ಬರೆದುಕೊಳ್ಳುತ್ತಾರೆ. ಶಿಕ್ಷಕರು ಹೆಸರು ಮೊದಲೇ ಬರಬೇಕು ಎಂದಿದ್ದರೆ ಎರಡನೇ ಭಾಗದ ಮೊದಲ ವಾಕ್ಯವಾಗಿ ಹೇಳಿ, ಕೊನೆಯಲ್ಲಿ ಮತ್ತೊಮ್ಮೆ ಹೇಳಿ. ಮೊಟ್ಟಮೊದಲ ವಾಕ್ಯ ಮಾತ್ರ ಗಂಟಿಗೇ ಇರಲಿ.

ಪ್ರಶ್ನೆಯಿಂದ ಶುರು ಮಾಡುವುದು ಇನ್ನೊಂದು ಚಾಳಿ. "ನಿಮಗೆ ಯಾವತ್ತಾದರೂ ಭಯ ಆಗಿದೆಯಾ?" ಎಂದರೆ ಹಿಂದಿನ ಬೆಂಚಿನಿಂದ "ಈಗ ಆಗ್ತಿದೆ" ಎಂಬ ಉತ್ತರ ಬರುವುದು ಖಚಿತ. ಮಾದರಿಯಲ್ಲೂ "ಯಾರು ಗೊತ್ತಾ?" ಇದೆ, ಆದರೆ ಅದಕ್ಕೆ ಉತ್ತರ ನಿಮ್ಮ ಹತ್ತಿರ ಮಾತ್ರ ಇದೆ. ಅಂಥ ಪ್ರಶ್ನೆ ನಡೆಯುತ್ತದೆ.

ಬರೆಯುವ ಕನ್ನಡವೋ, ಆಡುವ ಕನ್ನಡವೋ?

ಆಡುವ ಕನ್ನಡ. ಬರೆದುಕೊಳ್ಳುವಾಗಲೇ ಹಾಗೆ ಬರೆದುಕೊಳ್ಳಿ: "ಕಟ್ಟುತ್ತಿದ್ದಾರೆ" ಅಲ್ಲ "ಕಟ್ತಿದ್ದಾರೆ", "ಹೇಳುವುದಿಲ್ಲ" ಅಲ್ಲ "ಹೇಳಲ್ಲ". ನಿಮ್ಮ ಕಡೆಯ ಮಾತಿನಲ್ಲಿ ಅದು ಬೇರೆ ಥರ ಇದ್ದರೆ ಹಾಗೇ ಬರೆಯಿರಿ. ಗ್ರಂಥದ ಭಾಷೆಯಲ್ಲಿ ಬರೆದು ಆಡುಮಾತಿನಲ್ಲಿ ಹೇಳುತ್ತೇನೆ ಎಂದುಕೊಂಡರೆ ಗಾಬರಿಯಲ್ಲಿ ಬರೆದದ್ದೇ ಬಾಯಿಗೆ ಬರುತ್ತದೆ, ಮಾತು ಭಾಷಣವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ತಳದಲ್ಲಿ ನೀರು ಜಿನುಗುತ್ತಿದ್ದ ಹಳೆಯ ದೋಣಿಯನ್ನು ರಿಪೇರಿ ಮಾಡಿಸಲು ಬೇಕಾದ ಹಣಕ್ಕಾಗಿ ಅಪ್ಪನಿಗೆ ತಿಳಿಯದಂತೆ ಸೇತುವೆ ಕೆಲಸಕ್ಕೆ ಅವಳು ಹೋಗುತ್ತಾಳೆ" ಎಂಬುದನ್ನು ಪುಟದ ಮೇಲೆ ಓದಬಹುದು, ಕಣ್ಣು ಹಿಂದಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ. ಕೇಳುವವರು ದೋಣಿ, ನೀರು, ಹಣ, ಅಪ್ಪ ಎಲ್ಲವನ್ನೂ ಹಿಡಿದುಕೊಂಡು "ಹೋಗುತ್ತಾಳೆ" ಬರುವವರೆಗೆ ಕಾಯಬೇಕು. ಇದನ್ನು ಐದು ವಾಕ್ಯ ಮಾಡಿ. ಹೇಳುವ ವಾಕ್ಯದಲ್ಲಿ ಹತ್ತು ಪದ ದಾಟಿದರೆ ಎಲ್ಲಿ ಮುರಿಯಬಹುದು ಎಂದು ನೋಡಿ. ಸಿದ್ಧಪಡಿಸಿದ ಮಾತನ್ನು ಜೋರಾಗಿ ಓದುವಾಗ ವಾಕ್ಯದ ನಡುವೆ ಉಸಿರು ಎಳೆದುಕೊಂಡರೆ ಅಲ್ಲೇ ಮುರಿಯಬೇಕು ಎಂದರ್ಥ.

ಎಷ್ಟು ಪಾತ್ರಗಳ ಹೆಸರು ಹೇಳಬಹುದು?

ಎರಡು. ಮೂರನೆಯದು ಬಂದರೆ ಕೇಳುವವರು ಯಾರು ಯಾರ ಮಗ ಎಂದು ಲೆಕ್ಕ ಹಾಕತೊಡಗುತ್ತಾರೆ, ನಿಮ್ಮ ಮಾತು ಮುಂದೆ ಹೋಗಿರುತ್ತದೆ. ಹೆಸರಿಗಿಂತ ಸಂಬಂಧ ಬೇಗ ನೆನಪಿನಲ್ಲಿ ಉಳಿಯುತ್ತದೆ. ಮಾದರಿಯಲ್ಲಿ ಒಂದೇ ಒಂದು ಹೆಸರೂ ಇಲ್ಲ, ಅಪ್ಪ, ಮಗಳು ಅಷ್ಟೆ. ದೊಡ್ಡ ಕುಟುಂಬದ ಕಾದಂಬರಿಯಾದರೆ "ಮನೆಯ ಹಿರಿಯ", "ಓಡಿಹೋದ ತಮ್ಮ" ಎಂಬಂತೆ ಕರೆಯಿರಿ.

ಕಥೆಯನ್ನು ಎಲ್ಲಿಗೆ ನಿಲ್ಲಿಸಬೇಕು?

ಮೊದಲ ಮೂರನೇ ಒಂದು ಭಾಗ ದಾಟಬೇಡಿ. 180 ಪುಟದ ಪುಸ್ತಕದಲ್ಲಿ 60ನೇ ಪುಟದ ನಂತರ ನಡೆಯುವ ಏನನ್ನೂ ಹೇಳಬಾರದು. ನಮ್ಮ ಮಾದರಿಯ ಮಳೆಗಾಲದ ರಾತ್ರಿ ಸುಮಾರು ಆ ಜಾಗದಲ್ಲೇ ಬರುತ್ತದೆ ಎಂದುಕೊಳ್ಳಿ. ಬೆನ್ನುಪುಟದಲ್ಲಿ ಪ್ರಕಾಶಕರೇ ಹೇಳಿರುವುದನ್ನು ನೀವೂ ಹೇಳಬಹುದು, ಅದು ಗುಟ್ಟಲ್ಲ.

ಗುಟ್ಟು ಸೋರುವುದು ಕಥೆ ಹೇಳುವಾಗ ಮಾತ್ರವಲ್ಲ. "ಕೊನೆಯ ತಿರುವು ಊಹಿಸೋಕೇ ಆಗಲ್ಲ" ಎಂದರೆ ತಿರುವು ಇದೆ ಎಂದು ಹೇಳಿದಂತಾಯಿತು, ಓದುವವರು ಮೊದಲ ಪುಟದಿಂದಲೇ ಅದನ್ನು ಹುಡುಕುತ್ತಾರೆ. "ಕೊನೆಯಲ್ಲಿ ನಾನು ಅತ್ತುಬಿಟ್ಟೆ" ಎಂದರೆ ಯಾರೋ ಸಾಯುತ್ತಾರೆ ಎಂದು ಅರ್ಧ ತರಗತಿಗೆ ಗೊತ್ತಾಗುತ್ತದೆ. "ಪಾಪ, ಆ ಅಪ್ಪ" ಎಂದು ನಿಟ್ಟುಸಿರು ಬಿಟ್ಟರೂ ಸಾಕು. ನಿಮ್ಮ ಮಾತು ಸಿದ್ಧವಾದ ಮೇಲೆ ಪುಸ್ತಕ ಓದಿಲ್ಲದ ಒಬ್ಬರಿಗೆ ಹೇಳಿ ನೋಡಿ, ಆಮೇಲೆ "ಕೊನೆಗೆ ಏನಾಗುತ್ತೆ ಅನ್ಸುತ್ತೆ?" ಎಂದು ಕೇಳಿ. ಸರಿಯಾಗಿ ಹೇಳಿಬಿಟ್ಟರೆ ಎಲ್ಲೋ ತೂತು ಇದೆ. ಯಾವ ವಾಕ್ಯದಿಂದ ಹಾಗನ್ನಿಸಿತು ಎಂದು ಕೇಳಿದರೆ ಅವರೇ ತೋರಿಸುತ್ತಾರೆ.

ಪುಸ್ತಕದಿಂದ ಓದುವ ಭಾಗವನ್ನು ಆರಿಸುವುದು ಹೇಗೆ?

30ರಿಂದ 40 ಪದ, ಹೆಚ್ಚಲ್ಲ. ವರ್ಣನೆಗಿಂತ ಇಬ್ಬರ ನಡುವಿನ ಮಾತು ಒಳ್ಳೆಯದು. ಆ ತುಣುಕಿಗೆ ಹಿಂದಿನ ಕಥೆಯನ್ನು ಒಂದು ವಾಕ್ಯಕ್ಕಿಂತ ಹೆಚ್ಚು ವಿವರಿಸಬೇಕಾಗಿ ಬಂದರೆ ಬೇರೆ ತುಣುಕು ಹುಡುಕಿ. ತುಂಬಾ ಸುಂದರವಾದ ವಾಕ್ಯಗಳಿರುವ ಪುಟವನ್ನು ಆರಿಸುವ ಆಸೆ ಸಹಜ, ಆದರೆ ಅಂಥ ಪುಟಗಳು ಹಿಂದಿನ ನೂರು ಪುಟಗಳ ಬಲದಿಂದ ಸುಂದರವಾಗಿರುತ್ತವೆ. ಕಿತ್ತು ತಂದರೆ ಸಪ್ಪೆ.

ಮಾದರಿಯ ತುಣುಕನ್ನು ನೋಡಿ. ಅಪ್ಪ ಒಂದು ಮಾತು ಆಡುತ್ತಾನೆ, ಮಗಳು ಕೈ ಮಡಚಿಕೊಳ್ಳುತ್ತಾಳೆ, ಅವನು ನೀರು ಸರಿಸುತ್ತಾನೆ. ಗಂಟು ಪೂರ್ತಿ ಅಲ್ಲಿದೆ, ಆದರೆ ಯಾರೂ ಅದನ್ನು ಹೆಸರಿಟ್ಟು ಹೇಳಿಲ್ಲ. ಮುಂದಿನ 45 ಸೆಕೆಂಡಿನಲ್ಲಿ ನೀವು ಮಾತಾಡಲು ಹಿಡಿ ಸಿಗುವುದು ಇಂಥ ತುಣುಕಿನಿಂದಲೇ. ಓದಿದ್ದೇ ಒಂದು, ಅನಿಸಿಕೆ ಇನ್ನೊಂದು ಆದರೆ ಕೇಳುವವರಿಗೆ ಓದು ಯಾಕೆ ಬೇಕಿತ್ತು ಎಂದೇ ತಿಳಿಯುವುದಿಲ್ಲ.

ಪುಟಕ್ಕೆ ಚೀಟಿ ಇಡಿ, ತುಣುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಲೈಬ್ರರಿ ಪುಸ್ತಕವಾದರೆ ಗುರುತು ಚೀಟಿಯ ಮೇಲೇ ಇರಲಿ. ನಡುವಿನ ಒಂದು ವಾಕ್ಯ ಬಿಟ್ಟು ಓದಬಹುದು, ಲೇಖಕರ ಪದ ಬದಲಿಸಬಾರದು. ಓದುವ ಮುಂಚೆ ಒಂದು ಉಸಿರಿನಷ್ಟು ನಿಲ್ಲಿ, ಓದಿದ ಮೇಲೆ ಎರಡು ಸೆಕೆಂಡು ಪೂರ್ತಿ ನಿಲ್ಲಿ. ನಿಲ್ಲದಿದ್ದರೆ ಪುಸ್ತಕದ ಮಾತು ಎಲ್ಲಿ ಮುಗಿದು ನಿಮ್ಮದು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಪುಸ್ತಕವನ್ನು ಎದೆಯ ಮಟ್ಟದಲ್ಲಿ ಹಿಡಿಯಿರಿ. ಮುಖದ ಮುಂದೆ ಹಿಡಿದರೆ ದನಿ ಅದಕ್ಕೇ ಬಡಿದು ನಿಲ್ಲುತ್ತದೆ.

ಕಾದಂಬರಿ ಬೇರೆ ಸೀಮೆಯ ಆಡುಮಾತಿನಲ್ಲಿದ್ದರೆ, ಆ ಮಾತು ನಿಮ್ಮ ನಾಲಿಗೆಗೆ ಹೊರಳದಿದ್ದರೆ, ನಕಲು ಮಾಡಲು ಹೋಗಬೇಡಿ. ಮೂರನೇ ಪದಕ್ಕೆ ತರಗತಿ ನಗುತ್ತದೆ, ದೃಶ್ಯ ಹಾಳಾಗುತ್ತದೆ. ಬರೆದಿರುವ ಹಾಗೆ, ನಿಮ್ಮ ಸಹಜ ದನಿಯಲ್ಲಿ ಓದಿ.

"ತುಂಬಾ ಚೆನ್ನಾಗಿದೆ" ಎನ್ನುವುದರ ಬದಲು ಏನು ಹೇಳಬೇಕು?

"ಅದ್ಭುತ", "ಮನಮುಟ್ಟುವ", "ಎಲ್ಲರೂ ಓದಲೇಬೇಕು" ಎಂಬ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು, ಹಾಗಾಗಿ ಅವು ಯಾವ ಪುಸ್ತಕದ ಬಗ್ಗೆಯೂ ಏನೂ ಹೇಳುವುದಿಲ್ಲ. ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಅನಿಸಿಕೆಯ ವಾಕ್ಯವನ್ನು ನೀವು ಓದಿದ ಇನ್ನೊಂದು ಕಾದಂಬರಿಗೆ ಹೊಂದಿಸಿ ನೋಡಿ. ಅಲ್ಲಿಯೂ ಹೊಂದಿದರೆ ಹೊಡೆದುಹಾಕಿ.

ಹೇಳಲು ಏನೂ ಸಿಗುತ್ತಿಲ್ಲ ಎಂದರೆ ನಿಮಗೆ ಓದುವಾಗ ಏನಾಯಿತು ಎಂಬಲ್ಲಿಗೆ ಹೋಗಿ. ಯಾವ ಪುಟದಲ್ಲಿ ಓದು ನಿಲ್ಲಿಸಿ ಹಿಂದಿನ ಪುಟ ತಿರುವಿದಿರಿ? ಯಾರ ಮೇಲೆ ಮೊದಲು ಸಿಟ್ಟಿತ್ತು, ಅದು ಯಾವಾಗ ಕರಗಿತು? ಮಾದರಿಯಲ್ಲಿ "ಮೊದಲ ಸಲ ಮಗಳ ಪರ, ಎರಡನೇ ಸಲ ಅಪ್ಪನ ಪರ" ಎಂಬ ಮಾತು ಹೀಗೆ ಸಿಕ್ಕದ್ದು. ಅದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ, ಆದರೂ ಪುಸ್ತಕ ಎಂಥದ್ದು ಎಂದು ಗೊತ್ತಾಗುತ್ತದೆ.

ಪುಸ್ತಕದ ಒಂದು ಕೊರತೆಯನ್ನೂ ಹೇಳಿ. ಮೊದಲ ಇಪ್ಪತ್ತು ಪುಟ ನಿಧಾನ ಎಂದು ಹೇಳದೆ ಬಿಟ್ಟರೆ, ನಿಮ್ಮ ಮಾತು ಕೇಳಿ ಪುಸ್ತಕ ಒಯ್ದವರು ಹದಿನೈದನೇ ಪುಟಕ್ಕೆ ವಾಪಸ್ ತಂದುಕೊಡುತ್ತಾರೆ. ಮೊದಲೇ ಹೇಳಿದ್ದರೆ ಇಪ್ಪತ್ತೊಂದನೇ ಪುಟಕ್ಕೆ ಕಾಯುತ್ತಾರೆ.

ಬಾಯಿಪಾಠ ಮಾಡಬೇಕೇ, ಚೀಟಿ ನೋಡಿ ಹೇಳಬೇಕೇ?

ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ. ನಡುವಿನದನ್ನು ಮಾಡಬೇಡಿ. ಪೂರ್ತಿ ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ, ಯಾಕೆಂದರೆ ಒಂದು ಪದ ಮುಂದಿನದನ್ನು ಎಳೆದು ತರುತ್ತಿರುತ್ತದೆ. ಕಣ್ಣು ಮೇಲೆ ಮಾಡಿ ಸೂರು ನೋಡುತ್ತಾ ಹೇಳುತ್ತಿದ್ದರೆ ಬಾಯಿಪಾಠ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಅಂಗೈಯಗಲದ ಐದು ಗಟ್ಟಿ ಚೀಟಿ ಮಾಡಿಕೊಳ್ಳಿ, ಒಂದು ಭಾಗಕ್ಕೆ ಒಂದು. ಬಲ ಮೂಲೆಯಲ್ಲಿ ಸಂಖ್ಯೆ ಬರೆಯಿರಿ, ಕೈಜಾರಿ ಬಿದ್ದಾಗ ಜೋಡಿಸಲು ಬೇಕಾಗುತ್ತದೆ. ಒಂದೊಂದರ ಮೇಲೂ ಮೂರು ನಾಲ್ಕು ಪದ, ದಪ್ಪಕ್ಷರದಲ್ಲಿ. ಮಾದರಿಯ ಎರಡನೇ ಚೀಟಿಯಲ್ಲಿ ಇಷ್ಟೇ ಇರುತ್ತದೆ: ಹದಿನಾರು, ಸಿಟ್ಟಿಲ್ಲ, ನೀರು ಜಿನುಗು, ದುಡ್ಡು ಎಲ್ಲಿಂದ. ಪೂರ್ತಿ ವಾಕ್ಯ ಬರೆದರೆ ಕಣ್ಣು ಅದನ್ನೇ ಓದುತ್ತದೆ, ತಡೆಯಲಾಗುವುದಿಲ್ಲ. ತೆಳು ಹಾಳೆ ಬೇಡ, ಕೈ ನಡುಗುವುದನ್ನು ಅದು ಇಡೀ ತರಗತಿಗೆ ತೋರಿಸುತ್ತದೆ.

ಎಷ್ಟು ಸಲ ಅಭ್ಯಾಸ ಮಾಡಬೇಕು? ಸಮಯ ಮೀರಿದರೆ ಏನು ತೆಗೆಯಬೇಕು?

ಎದ್ದು ನಿಂತು, ಜೋರಾಗಿ, ಐದು ಸಲ ಸಾಕು. ಒಂದೇ ಸಂಜೆ ಐದೂ ಸಲ ಮಾಡಿದರೆ ಪದಗಳು ಗಟ್ಟಿಯಾಗಿ ಬಾಯಿಪಾಠವಾಗಿಬಿಡುತ್ತವೆ, ಎರಡು ಮೂರು ದಿನಕ್ಕೆ ಹಂಚಿ. ಮೊದಲ ಎರಡು ಸಲ ಬರೆದದ್ದನ್ನು ನೋಡಿ ಹೇಳಿ, ಮೂರನೆಯ ಸಲದಿಂದ ಚೀಟಿ ಮಾತ್ರ. ನಾಲ್ಕನೆಯದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಫೋನನ್ನು ಕೋಣೆಯ ಆಚೆ ತುದಿಯಲ್ಲಿಟ್ಟು. ಕೇಳಿಸಿಕೊಳ್ಳುವಾಗ ವಾಕ್ಯದ ಕೊನೆಯ ಪದಕ್ಕೆ ಕಿವಿಗೊಡಿ. ಉಸಿರು ಮುಗಿದು ಕೊನೆಯ ಪದ ನುಂಗಿಹೋಗುವುದು ಸಾಮಾನ್ಯ, ಆದರೆ ನಮ್ಮ ಭಾಷೆಯಲ್ಲಿ "ಬಂದಳು" ಮತ್ತು "ಬರಲಿಲ್ಲ" ಗೊತ್ತಾಗುವುದು ಅಲ್ಲೇ.

ಎರಡನೇ ಚೀಟಿ ಮುಗಿದಾಗ ಗಡಿಯಾರ ನೋಡಿ. ಒಂದು ನಿಮಿಷದೊಳಗೆ ಇದ್ದರೆ ಸರಿ. ಒಂದೂಕಾಲು ಆಗಿದ್ದರೆ ಕಥೆ ಹೆಚ್ಚಾಗಿದೆ, ಅಲ್ಲೇ ಕತ್ತರಿಸಿ. ಅನಿಸಿಕೆಯ ಭಾಗವನ್ನು ಕೊಯ್ಯಬೇಡಿ. ತೆಗೆಯುವ ಕ್ರಮ ಹೀಗಿರಲಿ: ಮೊದಲು ಲೇಖಕರ ಪರಿಚಯ, ಆಮೇಲೆ ಎರಡನೇ ಪಾತ್ರದ ವಿವರ, ಆಮೇಲೆ ಓದುವ ತುಣುಕಿನ ಒಂದು ವಾಕ್ಯ. ಇಷ್ಟಾದರೂ ಮೀರಿದರೆ ನೀವು ಎರಡು ಗಂಟು ಹೇಳುತ್ತಿದ್ದೀರಿ, ಒಂದನ್ನು ಬಿಡಬೇಕು. ಬೇಗ ಬೇಗ ಮಾತಾಡಿ ಸರಿದೂಗಿಸುವುದು ಪರಿಹಾರವಲ್ಲ. ಆ ದಿನ ಗಾಬರಿಗೆ ವೇಗ ತಾನಾಗಿ ಏರುತ್ತದೆ, ಅದರ ಮೇಲೆ ಇನ್ನಷ್ಟು ಹೇರಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ನಡುವೆ ಮರೆತುಹೋದರೆ?

ಪುಸ್ತಕ ತೆರೆದು ತುಣುಕು ಓದಿ. ಚೀಟಿಯಿಟ್ಟ ಪುಟ ಕೈಯಲ್ಲೇ ಇದೆ, ಓದುತ್ತಿರುವಾಗ ಮುಂದಿನದು ನೆನಪಾಗುತ್ತದೆ. ತುಣುಕು ಆಗಲೇ ಮುಗಿದಿದ್ದರೆ ನೇರವಾಗಿ ಐದನೇ ಚೀಟಿಗೆ ಹೋಗಿ. ನಡುವಿನದು ಬಿಟ್ಟುಹೋಗಿದೆ ಎಂದು ನಿಮಗೆ ಮಾತ್ರ ಗೊತ್ತು.

ತರಗತಿಯಲ್ಲಿ ಕೆಲವರು ಆ ಕಾದಂಬರಿ ಓದಿದ್ದಾರೆ, ಅಥವಾ ಅದರ ಸಿನಿಮಾ ನೋಡಿದ್ದಾರೆ. ಬೇರೆ ಪುಸ್ತಕ ಹುಡುಕಬೇಕೇ?

ಬೇಡ. ಗಂಟನ್ನು ಹೇಳುವ ಭಾಗ ಸ್ವಲ್ಪ ಕುಗ್ಗಿಸಿ, ಉಳಿದ ಹತ್ತು ಸೆಕೆಂಡನ್ನು ಅನಿಸಿಕೆಗೆ ಕೊಡಿ. ಸಿನಿಮಾ ನೋಡಿದವರಿಗೆ ಪುಸ್ತಕದಲ್ಲಿ ಮಾತ್ರ ಇರುವುದನ್ನು ತೋರಿಸಿ. ಪಾತ್ರದ ಮನಸ್ಸಿನೊಳಗಿನ ಮಾತನ್ನು ಸಿನಿಮಾ ತೋರಿಸುವುದು ಕಷ್ಟ, ಹಾಗಾಗಿ ಓದುವ ತುಣುಕನ್ನು ಅಂಥ ಜಾಗದಿಂದ ಆರಿಸಿ. ಇಬ್ಬರು ಒಂದೇ ಕಾದಂಬರಿ ಆರಿಸಿದ್ದರೂ ತೊಂದರೆಯಿಲ್ಲ. ಒಬ್ಬರು ಅಪ್ಪನ ಕಡೆಯಿಂದ, ಇನ್ನೊಬ್ಬರು ಮಗಳ ಕಡೆಯಿಂದ ಗಂಟನ್ನು ಹೇಳಿದರೆ ಅವು ಎರಡು ಬೇರೆ ಮಾತುಗಳೇ ಆಗುತ್ತವೆ. ಓದುವ ತುಣುಕು ಒಂದೇ ಆಗದಂತೆ ಮೊದಲೇ ಮಾತಾಡಿಕೊಳ್ಳಿ.

ಮಾತು ಮುಗಿದ ಮೇಲೆ "ಕೊನೆಗೆ ಏನಾಯ್ತು, ಹೇಳು" ಎಂದು ಪೀಡಿಸಿದರೆ?

ಹೇಳಬೇಡಿ. ಚೀಟಿಯಿಟ್ಟ ಪುಸ್ತಕವನ್ನು ಕೇಳಿದವರ ಕೈಗೆ ಕೊಟ್ಟುಬಿಡಿ.